ಬೆಂಕಿ ಮಧ್ಯೆ ಕೂತ ಆ ನಾಯಿಗೆ ಬೆಂಕಿ ಕಾಣಿಸಲ್ವಾ?

ಪ್ರಶ್ನೆ: ಸುತ್ತ ಮನೆ ಉರಿಯುತ್ತಿದ್ದರೂ ಟೋಪಿ ಹಾಕಿಕೊಂಡು 'ದಿಸ್ ಈಸ್ ಫೈನ್' ಅನ್ನುವ ನಾಯಿಯ ಮೀಮ್ ಎಲ್ಲ ಕಡೆ ಬರುತ್ತದೆ. ಅದು ಅಷ್ಟು ದಡ್ಡ ನಾಯಿನಾ? ಇದರಲ್ಲಿ ನಗು ಬರೋದು ಯಾತಕ್ಕೆ?

ಉತ್ತರ: ದಡ್ಡ ನಾಯಿ ಖಂಡಿತ ಅಲ್ಲ. ಅದಕ್ಕೆ ಬೆಂಕಿ ಚೆನ್ನಾಗಿ ಕಾಣಿಸುತ್ತಿದೆ. ಇದು ನಿಮಗೆ ಗೊತ್ತಾಗದೇ ಇರೋದಕ್ಕೆ ಕಾರಣ, ಮೀಮ್‌ನಲ್ಲಿ ನೀವು ನೋಡುವುದು ಬರೀ ಎರಡು ಚೌಕ. ಅಮೆರಿಕದ ಕೆ.ಸಿ. ಗ್ರೀನ್ ತನ್ನ 'ಗನ್‌ಶೋ' ವೆಬ್ ಕಾಮಿಕ್‌ಗಾಗಿ 2013ರ ಜನವರಿಯಲ್ಲಿ ಬರೆದದ್ದು ಆರು ಚೌಕ.

ಮೊದಲನೆಯದರಲ್ಲಿ ಮಾತೇ ಇಲ್ಲ. ನಾಯಿ ಕುರ್ಚಿ ಮೇಲೆ ಕೂತಿದೆ, ಮೇಜಿನ ಮೇಲೆ ಕಾಫಿ, ಸುತ್ತ ಬೆಂಕಿ, ಮೇಲೆ ಹೊಗೆ. ಎರಡನೆಯದರಲ್ಲಿ ಆ ಪ್ರಸಿದ್ಧ ಮಾತು. ಮೀಮ್ ಇಲ್ಲಿಗೆ ಮುಗಿಯುತ್ತದೆ. ಆದರೆ ಮೂರನೆಯದರಲ್ಲಿ ನಾಯಿ ಹೇಳುವುದನ್ನು ಕೇಳಿ: ಸದ್ಯ ನಡೆಯುತ್ತಿರುವ ಬೆಳವಣಿಗೆಗಳ ಬಗ್ಗೆ ನನ್ನ ತಕರಾರೇನೂ ಇಲ್ಲ, ಅನ್ನುವ ಧಾಟಿ. ಪತ್ರಿಕಾ ಹೇಳಿಕೆಯ ಭಾಷೆ! ಬೆಂಕಿ ಕಾಣದವರು 'ಬೆಳವಣಿಗೆ' ಅನ್ನುವುದಿಲ್ಲ. ಕಂಡಿದೆ, 'ಬೆಂಕಿ' ಅನ್ನುವ ಪದವೊಂದನ್ನು ಮಾತ್ರ ಬಾಯಿಗೆ ತಂದುಕೊಳ್ಳುತ್ತಿಲ್ಲ. ಆಮೇಲೆ ಕಾಫಿ ಕುಡಿಯುತ್ತದೆ, ತೋಳಿಗೇ ಬೆಂಕಿ ಹತ್ತುತ್ತದೆ, ಎಲ್ಲ ಸರಿಹೋಗುತ್ತದೆ ಅಂತ ತನಗೆ ತಾನೇ ಹೇಳಿಕೊಳ್ಳುತ್ತದೆ. ಕೊನೆಯ ಚೌಕದಲ್ಲಿ ಮುಖ ಮೇಣದ ಹಾಗೆ ಕರಗುತ್ತಿದೆ. ಆಗ ನಗು ಗಂಟಲಲ್ಲೇ ನಿಲ್ಲುತ್ತದೆ.

ನಗು ಹುಟ್ಟುವುದು ಚಿತ್ರಕ್ಕೂ ಮಾತಿಗೂ ತಾಳೆಯಾಗದ ಆ ಜಾಗದಲ್ಲಿ. ಚಿತ್ರ ಕಿರುಚುತ್ತಿದೆ, ಮಾತು ತಣ್ಣಗಿದೆ. ನಾಯಿ ಸ್ವಲ್ಪ ಬೆವರಿದ್ದರೂ ಜೋಕ್ ಸತ್ತುಹೋಗುತ್ತಿತ್ತು. 'ಫೈನ್' ಅನ್ನುವುದಕ್ಕೆ ಕನ್ನಡದಲ್ಲಿ 'ಚೆನ್ನಾಗಿದೆ' ಅಂದರೆ ಸಪ್ಪೆ. ನನ್ನ ಪ್ರಕಾರ ಸರಿಯಾದ ಪದ 'ಪರವಾಗಿಲ್ಲ ಬಿಡಿ'. ಬಸ್ಸಲ್ಲಿ ಯಾರೋ ಕಾಲು ತುಳಿದಾಗ ನೋವಲ್ಲೇ ಹೇಳ್ತೀವಲ್ಲ, ಅದು. ನೋವಿದೆ ಅಂತ ಗೊತ್ತು, ಅದರ ಮಾತು ಬೇಡ ಅಷ್ಟೇ.

ಗ್ರೀನ್ ಇದನ್ನು ಬರೆದಾಗ ಯಾವ ರಾಜಕೀಯವೂ ಮನಸ್ಸಲ್ಲಿರಲಿಲ್ಲ. ಖಿನ್ನತೆಯ ಔಷಧಿ ತನಗೆ ಹೊಂದಿಸಿಕೊಳ್ಳಲು ಒದ್ದಾಡುತ್ತಿದ್ದ ದಿನಗಳವು ಅಂತ ಅವರೇ ಹೇಳಿಕೊಂಡಿದ್ದಾರೆ. ಅಂದರೆ ನಾಯಿ ಬೇರೆ ಯಾರೋ ಅಲ್ಲ, ಬರೆದವರೇ. ಅದಕ್ಕೇ 'ಇವತ್ತು ನನ್ನ ಸ್ಥಿತಿ' ಅಂತ ಹಾಕಿಕೊಂಡಾಗ ಮೀಮ್ ಸರಿಯಾಗಿ ಕೂರುತ್ತದೆ. ಎದುರಾಳಿಯನ್ನು ಆಡಿಕೊಳ್ಳಲು ಬಳಸಿದರೆ ಬರೀ ಚುಚ್ಚುಮಾತು. 2016ರಲ್ಲಿ ಅಮೆರಿಕದ ರಿಪಬ್ಲಿಕನ್ ಪಕ್ಷ ಡೆಮಾಕ್ರಟಿಕ್ ಸಮಾವೇಶವನ್ನು ಗೇಲಿ ಮಾಡಲು ಈ ನಾಯಿಯನ್ನು ಟ್ವೀಟ್ ಮಾಡಿತು, ಗ್ರೀನ್‌ಗೆ ಅದು ಹಿಡಿಸಲಿಲ್ಲ.

ಅದೇ ವರ್ಷ ಅವರು ಇದರ ಮುಂದಿನ ಭಾಗ ಬರೆದರು. ಅದರಲ್ಲಿ ನಾಯಿ ಕೊನೆಗೂ ಗಾಬರಿಬಿದ್ದು ಕೂಗಾಡುತ್ತದೆ, ಬೆಂಕಿ ಆರಿಸುವ ಸಿಲಿಂಡರ್ ಎತ್ತಿಕೊಂಡು ಮನೆಯೆಲ್ಲ ಓಡಾಡುತ್ತದೆ. ಅದನ್ನು ಮಾತ್ರ ಯಾರೂ ಅಷ್ಟಾಗಿ ಫಾರ್ವರ್ಡ್ ಮಾಡಲಿಲ್ಲ.