ದದ್ದು ನೋಡುವ ಮೊದಲು ಜ್ವರದ ಲೆಕ್ಕ ಕೇಳಿ

ಮೈಮೇಲೆ ದದ್ದು ಎದ್ದ ಮಗುವನ್ನು ಕರೆತಂದಾಗ ವೈದ್ಯರು ಮೊದಲು ಕೇಳುವುದು ಜ್ವರದ ಬಗ್ಗೆ. ಎಂದು ಶುರುವಾಯಿತು? ದದ್ದು ಎದ್ದಾಗ ಜ್ವರ ಇತ್ತೇ, ಬಿಟ್ಟಿತ್ತೇ? ರೋಸಿಯೋಲಾ, ಸ್ಕಾರ್ಲೆಟ್ ಫೀವರ್, ಸ್ಲ್ಯಾಪ್ಡ್ ಚೀಕ್ ಈ ಮೂರು ದದ್ದಿನ ಕಾಯಿಲೆಗಳನ್ನು ಬೇರ್ಪಡಿಸುವ ಅರ್ಧ ಕೆಲಸ ಆ ಉತ್ತರದಲ್ಲೇ ಮುಗಿಯುತ್ತದೆ.

ಹದಿನಾಲ್ಕು ತಿಂಗಳ ಕೂಸೊಂದನ್ನು ಊಹಿಸಿಕೊಳ್ಳಿ. ಇದ್ದಕ್ಕಿದ್ದಂತೆ 103 ಡಿಗ್ರಿ ಜ್ವರ. ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಇಳಿದಾಗ ಆಡುತ್ತದೆ, ಮತ್ತೆ ಏರುತ್ತದೆ. ಎರಡನೇ ದಿನ ಯಾರೋ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಶುರು ಮಾಡುತ್ತಾರೆ. ನಾಲ್ಕನೇ ದಿನ ಬೆಳಿಗ್ಗೆ ಜ್ವರ ಪೂರ್ತಿ ಬಿಡುತ್ತದೆ, ಸಂಜೆಗೆ ಎದೆ, ಹೊಟ್ಟೆ, ಬೆನ್ನಿನ ಮೇಲೆ ಎರಡರಿಂದ ಐದು ಮಿಲಿಮೀಟರಿನ ಗುಲಾಬಿ ಚುಕ್ಕೆಗಳು ಏಳುತ್ತವೆ. ಒತ್ತಿದರೆ ಬಣ್ಣ ಮಾಯ, ತುರಿಕೆಯಿಲ್ಲ. ಕುತ್ತಿಗೆ, ಮುಖಕ್ಕೂ ಸ್ವಲ್ಪ ಹರಡಿ ಒಂದೆರಡು ದಿನದಲ್ಲಿ ಗುರುತಿಲ್ಲದಂತೆ ಹೋಗುತ್ತವೆ. ಇದೇ ರೋಸಿಯೋಲಾ. ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಹೆಚ್ಚು. ಹರ್ಪಿಸ್ ಗುಂಪಿನ ವೈರಸ್ಸು ಕಾರಣ. ಅದು ಹೆಚ್ಚಾಗಿ ಆರೋಗ್ಯವಾಗಿರುವ ಮನೆಯ ದೊಡ್ಡವರ ಎಂಜಲಿನಿಂದಲೇ ಬರುವುದರಿಂದ, ಯಾರಿಂದ ಅಂಟಿತು ಎಂದು ಹುಡುಕಿ ಪ್ರಯೋಜನವಿಲ್ಲ. ಇದಕ್ಕೆ ಆ್ಯಂಟಿಬಯಾಟಿಕ್ ಬೇಕಿಲ್ಲ. ಜ್ವರ ಸರ್ರನೆ ಏರುವಾಗ ಕೆಲವು ಮಕ್ಕಳಿಗೆ ಫಿಟ್ಸ್ ಬರುವುದುಂಟು. ಬಂದರೆ ಮಗುವನ್ನು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕದೆ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಎಡವಟ್ಟಾಗುವುದು ಇಲ್ಲಿಯೇ. ಮಾತ್ರೆ ಕೊಟ್ಟ ಎರಡು ದಿನಕ್ಕೆ ಮೈ ಕೆಂಪಾಯಿತಲ್ಲ, ಹಾಗಾಗಿ ಮಗುವಿನ ಫೈಲಿನಲ್ಲಿ ‘ಅಮಾಕ್ಸಿಸಿಲಿನ್ ಅಲರ್ಜಿ’ ಎಂದು ಬರೆದುಬಿಡುತ್ತಾರೆ. ಉಬ್ಬಿದ, ತುರಿಸುವ, ಗಂಟೆಗೊಮ್ಮೆ ಜಾಗ ಬದಲಿಸುವ ದದ್ದು, ತುಟಿ ಊತ, ಉಸಿರಾಟದ ತೊಂದರೆ ಇದ್ದರೆ ಅಲರ್ಜಿಯ ಅನುಮಾನ ನಿಜ. ಜ್ವರ ಬಿಟ್ಟ ದಿನವೇ ಎದ್ದ ಚಪ್ಪಟೆ ಚುಕ್ಕೆಗೆ ಆ ಹಣೆಪಟ್ಟಿ ಹಚ್ಚುವ ಮೊದಲು ಹತ್ತು ಬಾರಿ ಯೋಚಿಸಬೇಕು, ಹಚ್ಚಿದ್ದರೆ ತಜ್ಞರಿಂದ ಮರುಪರೀಕ್ಷೆ ಮಾಡಿಸಬೇಕು.

ಯಾಕೆಂದರೆ ಅದೇ ಮಗುವಿಗೆ ಆರು ವರ್ಷದಲ್ಲಿ ಸ್ಕಾರ್ಲೆಟ್ ಫೀವರ್ ಬಂದರೆ ಬೇಕಾಗುವುದು ಅದೇ ಔಷಧಿ. ಇದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯದ ಗಂಟಲು ಸೋಂಕು. ಜ್ವರ, ಗಂಟಲು ನೋವು, ಕೆಲವೊಮ್ಮೆ ವಾಂತಿ. ಒಂದೆರಡು ದಿನದಲ್ಲಿ, ಜ್ವರ ಇರುವಾಗಲೇ, ಕುತ್ತಿಗೆ ಮತ್ತು ಎದೆಯಿಂದ ದದ್ದು ಶುರು. ನಮ್ಮ ಕಂದು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ, ಆದ್ದರಿಂದ ಕೈಯಾಡಿಸಿ ನೋಡಬೇಕು: ಉಪ್ಪುಕಾಗದದಂತೆ ಒರಟಾಗಿರುತ್ತದೆ. ಕಂಕುಳು, ಮೊಣಕೈ ಮಡಿಕೆಗಳಲ್ಲಿ ಗಾಢ ಗೆರೆಗಳು, ಬಾಯಿಯ ಸುತ್ತ ಬಿಳಿಚು, ಮೊದಲು ಬಿಳಿ ಪದರವಿದ್ದು ಆಮೇಲೆ ಕೆಂಪಗಾಗುವ ಗುಬ್ಬಿಗುಬ್ಬಿ ನಾಲಿಗೆ. ವಾರದ ನಂತರ ಬೆರಳ ತುದಿಯ ಚರ್ಮ ಸುಲಿಯುತ್ತದೆ.

ಗಂಟಲಿನ ಸ್ವಾಬ್ ಪರೀಕ್ಷೆಯಿಂದ ಖಚಿತಪಡಿಸಬಹುದು. ಅಮಾಕ್ಸಿಸಿಲಿನ್ ಪ್ರಮಾಣ ದಿನಕ್ಕೆ ಕೆಜಿಗೆ 50 ಮಿಲಿಗ್ರಾಂ, ಹೆಚ್ಚೆಂದರೆ 1 ಗ್ರಾಂ. 18 ಕೆಜಿ ಮಗುವಿಗೆ 900 ಮಿಲಿಗ್ರಾಂ, ಪೂರ್ತಿ 10 ದಿನ, ವೈದ್ಯರು ಬರೆದುಕೊಟ್ಟ ಮೇಲೆ. ಮೂರನೇ ದಿನಕ್ಕೆ ಮಗು ಓಡಾಡತೊಡಗಿತೆಂದು ನಿಲ್ಲಿಸಿದರೆ ಗಂಟಲಲ್ಲಿ ಬ್ಯಾಕ್ಟೀರಿಯ ಉಳಿದು, ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಜ್ವರಕ್ಕೆ ದಾರಿಯಾಗುತ್ತದೆ. ಕೆಮ್ಮು, ಸೀನಿನ ಹನಿಗಳಿಂದ ಹರಡುವ ಈ ಸೋಂಕು ಔಷಧಿ ಶುರುವಾದ 24 ಗಂಟೆಯ ಬಳಿಕ ಸಾಮಾನ್ಯವಾಗಿ ಅಂಟುವುದಿಲ್ಲ. ಜ್ವರವೂ ಬಿಟ್ಟಿದ್ದರೆ ಶಾಲೆಗೆ ಕಳಿಸಬಹುದು. ಮುಂದಿನ ಮೂರು ವಾರಗಳಲ್ಲಿ ಮುಖ ಊದಿದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡದ ಪರೀಕ್ಷೆ ತಡಮಾಡಬಾರದು.

ಸ್ಲ್ಯಾಪ್ಡ್ ಚೀಕ್ ಶಾಲೆಗೆ ಹೋಗುವ ಮಕ್ಕಳದು. ಪಾರ್ವೊ ವೈರಸ್ ಬಿ19 ಕಾರಣ. ಸಣ್ಣ ಜ್ವರ, ನೆಗಡಿ ಬಂದುಹೋಗಿ ಕೆಲವು ದಿನಗಳಾದ ಮೇಲೆ ಎರಡೂ ಕೆನ್ನೆ ಹೊಡೆತ ತಿಂದಂತೆ ಕೆಂಪಾಗುತ್ತವೆ. ಆಮೇಲೆ ತೋಳು, ತೊಡೆಗಳ ಮೇಲೆ ಜಾಲರಿಯಂಥ ದದ್ದು. ಬಿಸಿನೀರಿನ ಸ್ನಾನ, ಬಿಸಿಲಲ್ಲಿ ಆಟ ಆದರೆ ಮಾಸಿದ್ದು ಮತ್ತೆ ಎದ್ದು ಕಾಣುತ್ತದೆ; ವಾರಗಟ್ಟಲೆ ಹೀಗೆಯೇ. ಕಾಯಿಲೆ ಮರುಕಳಿಸಿತೆಂದು ಗಾಬರಿ ಬೇಡ. ಕೆನ್ನೆ ಕೆಂಪಾಗುವ ಹೊತ್ತಿಗೆ ಅಂಟುವ ಕಾಲ ಮುಗಿದಿರುತ್ತದೆ, ಆದ್ದರಿಂದ ಆಗ ಶಾಲೆ ಬಿಡಿಸಿ ಯಾರಿಗೂ ಲಾಭವಿಲ್ಲ.

ಎಚ್ಚರ ಬೇಕಿರುವುದು ಜೊತೆಯಲ್ಲಿದ್ದವರಿಗೆ. ಗರ್ಭಿಣಿಯರು, ಅದರಲ್ಲೂ 20 ವಾರದೊಳಗಿನವರು, ಹತ್ತಿರದಲ್ಲಿದ್ದರೆ ರಕ್ತಪರೀಕ್ಷೆಗೆ ವೈದ್ಯರನ್ನು ಕಾಣಬೇಕು. ಈ ವೈರಸ್ಸು ಕೆಂಪು ರಕ್ತಕಣಗಳ ತಯಾರಿಕೆಯನ್ನೇ ಕೆಲವು ದಿನ ನಿಲ್ಲಿಸುತ್ತದೆ. ಬೇರೆ ಮಕ್ಕಳಿಗೆ ಅದು ಗೊತ್ತೂ ಆಗದು, ಆದರೆ ಥಲಸ್ಸೀಮಿಯ ಅಥವಾ ಕುಡಗೋಲು ಕಣ ರಕ್ತಹೀನತೆ ಇರುವ ಮಗುವಿಗೆ ಹಿಮೊಗ್ಲೋಬಿನ್ ಕುಸಿದು ರಕ್ತ ಕೊಡಬೇಕಾಗಬಹುದು. ಕುಡಗೋಲು ಕಣದ ತೊಂದರೆಯಿರುವ ನಮ್ಮ ಗಿರಿಜನ ಹಾಡಿಗಳಲ್ಲಿ ಇದು ಮುಖ್ಯ. ಅಂಥ ಮಗು ಇದ್ದಕ್ಕಿದ್ದಂತೆ ಬಿಳಿಚಿಕೊಂಡು ಸುಸ್ತಾದರೆ, ಮೈಮೇಲೆ ಒಂದು ಚುಕ್ಕೆಯೂ ಇಲ್ಲದಿದ್ದರೂ ಅದೇ ದಿನ ರಕ್ತ ಪರೀಕ್ಷಿಸಬೇಕು. ಆ ಹಂತದಲ್ಲಿ ಅದರಿಂದ ಬೇರೆಯವರಿಗೂ ಅಂಟುತ್ತದೆ, ಹಾಗಾಗಿ ವಾರ್ಡಿನಲ್ಲಿ ಗರ್ಭಿಣಿ ನರ್ಸ್‌ಗಳನ್ನು ಅದರ ಆರೈಕೆಗೆ ಹಾಕಬಾರದು.