ಬೈಗುಳದಿಂದ ದೂರಿನವರೆಗೆ

ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗಗಳ ಕಾರ್ಖಾನೆ. ಅಲ್ಲಿ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಒಂದು ಭಾನುವಾರ ಕೋಲಾರದ ನಮ್ಮ ಮನೆಗೆ ಬಂದಿದ್ದಳು. ಕುರ್ಚಿಯಲ್ಲಿ ಕೂರುವ ಮೊದಲೇ ಮೊಬೈಲ್ ನನ್ನ ಕೈಗಿಟ್ಟಳು. ಐದು ವಾರದಿಂದ ಗೆಳತಿಗೆ ಕಳಿಸಿದ ವಾಟ್ಸಾಪ್ ಮೆಸೇಜುಗಳು ಅದರಲ್ಲಿದ್ದವು. ಬೆಳಗಿನ ಪ್ರೊಡಕ್ಷನ್ ಮೀಟಿಂಗ್‌ನಲ್ಲಿ ಮ್ಯಾನೇಜರ್ ತನ್ನ ಮಾತನ್ನು ಮುಗಿಸಲು ಬಿಡುವುದೇ ಇಲ್ಲ ಅನ್ನುವುದು ಅವಳ ಸಂಕಟ.

"ಸರ್, ಇದನ್ನೇ ಸ್ಕ್ರೀನ್‌ಶಾಟ್ ತೆಗೆದು ಎಚ್‌ಆರ್‌ಗೆ ಕಳಿಸಿಬಿಡಲಾ?" ಎಂದಳು.

ಬೇಡಮ್ಮಾ ಎಂದೆ. ಕಳಿಸಬೇಡ, ಆದರೆ ಒಂದನ್ನೂ ಅಳಿಸಬೇಡ. ಆ ಮೆಸೇಜುಗಳಲ್ಲಿ ಬೈಗುಳ ಇದ್ದರೂ ದಿನಾಂಕ ಮತ್ತು ಸಮಯ ಇರುತ್ತವಲ್ಲ, ದೂರಿಗೆ ಬೇಕಾದ ಕಚ್ಚಾ ಮಾಲು ಅದೇ.

ಇಬ್ಬರೂ ಕೂತು ಎಲ್ಲವನ್ನೂ ಓದಿದೆವು. ಮೀಟಿಂಗ್ ಬಗ್ಗೆ ಹನ್ನೊಂದು ಮೆಸೇಜುಗಳಿದ್ದವು. ಪ್ರತಿಯೊಂದಕ್ಕೂ ಮೂರೇ ಪ್ರಶ್ನೆ ಕೇಳಿದೆ. ಯಾವತ್ತು? ಯಾವ ವಿಷಯ ಹೇಳುತ್ತಿದ್ದೆ? ಎದುರಿಗೆ ಯಾರಿದ್ದರು? ಮೂರಕ್ಕೂ ಉತ್ತರ ಸಿಕ್ಕಿದ್ದು ನಾಲ್ಕಕ್ಕೆ ಮಾತ್ರ. ಅವಳ ಮುಖ ಸಪ್ಪಗಾಯಿತು. ನನಗೆ ನಾಲ್ಕು ಧಾರಾಳ ಅನ್ನಿಸಿತು. "ಯಾವಾಗಲೂ ಹೀಗೇ ಮಾಡ್ತಾರೆ" ಎಂದರೆ ಆ ಮನುಷ್ಯ "ಇಲ್ಲವಲ್ಲ, ಮೊನ್ನೆ ಮಾತಾಡಿದಳಲ್ಲ" ಎಂದು ಒಂದೇ ದಿನ ತೋರಿಸಿ ಪಾರಾಗುತ್ತಾನೆ. ನಾಲ್ಕು ದಿನಾಂಕ ಹಾಕಿದರೆ ಆ ನಾಲ್ಕಕ್ಕೂ ಉತ್ತರ ಕೊಡಬೇಕು.

ಮಾರ್ಚ್ 11ರ ಮೆಸೇಜು ಹೀಗಿತ್ತು:

"ಇವತ್ತೂ ಅದೇ ಕತೆ ಕಣೇ. ಬಾಯಿ ಬಿಟ್ರೆ ಸಾಕು, ಆವಯ್ಯ ಮಧ್ಯ ಬಾಯಿ ಹಾಕ್ತಾನೆ. ನನ್ನನ್ನೇನು ಬೊಂಬೆ ಅನ್ಕೊಂಡವನಾ? ಹೆಣ್ಣು ಅಂದ್ರೆ ಅಸಡ್ಡೆ. ಆ ಲಾಟ್ ಬೇರೆ ಹಂಗೇ ಕಳಿಸಿದ್ರು, ವಾಪಸ್ ಬರ್ಲಿ ಗೊತ್ತಾಗುತ್ತೆ."

ಕೊನೆಯ ಸಾಲಿಗೆ ನಾನು ನಿಂತೆ. ಯಾವ ಲಾಟ್? ಒಟ್ಟಿಗೆ ತಯಾರಾದ ಆ ಬಿಡಿಭಾಗಗಳಲ್ಲಿ ತೂತು ದೊಡ್ಡದಾಗಿತ್ತಂತೆ. ತೂತಿನ ಅಳತೆ ನೋಡುವ ಪ್ಲಗ್ ಗೇಜಿನ ನೋ-ಗೋ ಬದಿ ಒಳಗೆ ಹೋಗಬಾರದು, ಐದು ಪೀಸ್‌ನಲ್ಲಿ ಮೂರಕ್ಕೆ ಹೋಗುತ್ತಿತ್ತು. ಅದನ್ನೇ ಹೇಳಲು ಎದ್ದಿದ್ದಳು. ಲಾಟ್ ಹೋಯಿತು, 14ಕ್ಕೆ ಗಿರಾಕಿಯಿಂದ ವಾಪಸ್ ಬಂತು. ಅವಳಿಗೆ ಇದು ಬೈಗುಳದ ಬಾಲ. ಎಚ್‌ಆರ್‌ಗೆ ಇದೇ ತಲೆ. ಮನಸ್ಸು ನೊಂದಿತು ಎಂದರೆ ಸಮಾಧಾನ ಹೇಳಿ ಕಳಿಸುತ್ತಾರೆ. ಕೆಲಸ ಕೆಟ್ಟಿತು ಎಂದರೆ ಫೈಲ್ ತೆರೆಯುತ್ತಾರೆ. ಸರಿಯೋ ತಪ್ಪೋ, ಇಪ್ಪತ್ತು ವರ್ಷ ಎಚ್‌ಆರ್ ಕುರ್ಚಿಯಲ್ಲಿ ಕೂತು ನಾನು ಕಂಡದ್ದು ಇಷ್ಟು.

ತಿದ್ದಿದ ಮೇಲೆ ಆ ಪ್ಯಾರಾ ಹೀಗಾಯಿತು:

"ಮಾರ್ಚ್ 11ರ ಬೆಳಗ್ಗೆ 9.30ರ ಮೀಟಿಂಗ್‌ನಲ್ಲಿ ನಾನು ಒಂದು ಲಾಟ್‌ನ ತೂತಿನ ಅಳತೆ ಹೆಚ್ಚಿದೆ ಎಂದು ತಿಳಿಸಲು ಶುರು ಮಾಡಿದೆ. ಎರಡನೇ ವಾಕ್ಯದಲ್ಲೇ ಪ್ರೊಡಕ್ಷನ್ ಮ್ಯಾನೇಜರ್ ಅವರು 'ಆಮೇಲೆ ನೋಡೋಣ' ಎಂದು ಮುಂದಿನ ವಿಷಯಕ್ಕೆ ಹೋದರು. ಮತ್ತೆ ಕೈ ಎತ್ತಿದಾಗಲೂ ಅವಕಾಶ ಸಿಗಲಿಲ್ಲ. ಸ್ಟೋರ್ಸ್ ಮತ್ತು ಮೇಂಟೆನೆನ್ಸ್ ಸೂಪರ್‌ವೈಸರ್‌ಗಳು ಹಾಜರಿದ್ದರು. ಅದೇ ದಿನ ಲಾಟ್ ರವಾನೆಯಾಯಿತು. ಮಾರ್ಚ್ 14ರಂದು ಅದೇ ಕಾರಣಕ್ಕೆ ಹಿಂತಿರುಗಿತು."

'ಅಸಡ್ಡೆ' ಹೋಯಿತು, 'ಬೊಂಬೆ' ಹೋಯಿತು. 'ಹೆಣ್ಣು ಅಂದ್ರೆ' ಅನ್ನುವುದನ್ನು ಬಿಡಲು ಅವಳು ಒಪ್ಪಲಿಲ್ಲ, ಜಗಳವೇ ಆಯಿತು. ಗಂಡಸರ ಮಾತು ತುಂಡರಿಸುವುದಿಲ್ಲವಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಂಟೆನೆನ್ಸ್ ಅಣ್ಣಂಗೂ ಒಂದೆರಡು ಸಲ ಮಾಡಿದ್ದಾರೆ" ಎಂದಳು. ಹಾಗಿದ್ದರೆ ಆತನ ಮನಸ್ಸಿನಲ್ಲಿರುವುದನ್ನು ನಾವು ಬರೆಯುವುದು ಬೇಡ, ಕಣ್ಣಿಗೆ ಕಂಡದ್ದನ್ನು ಬರೆಯೋಣ ಎಂದೆ. ಇಲ್ಲಿ ಒಂದು ಮಾತು ಸೇರಿಸಬೇಕು. ಮಾತು ತಡೆಯುವುದರ ಜೊತೆ ಅಶ್ಲೀಲ ಮಾತು, ಮೈ-ಬಟ್ಟೆ ಬಗ್ಗೆ ಕೊಂಕು ಇದ್ದರೆ ಅದರ ದಾರಿಯೇ ಬೇರೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಅದು ಕಂಪನಿಯ ಆಂತರಿಕ ಸಮಿತಿಗೆ ಹೋಗಬೇಕು, ಸಾಮಾನ್ಯವಾಗಿ ಘಟನೆ ನಡೆದ ಮೂರು ತಿಂಗಳೊಳಗೆ ಬರಹದಲ್ಲಿ ಕೊಡಬೇಕು. ಇವಳ ವಿಷಯದಲ್ಲಿ ಅಂಥದ್ದೇನೂ ಇರಲಿಲ್ಲ.

ಕೊನೆಗೆ ಏನು ಕೇಳುವುದು? "ಅವರಿಗೆ ಬುದ್ಧಿ ಹೇಳಿ" ಎಂದು ಬರೆದಿದ್ದಳು. ಹೇಳಿದರೋ ಇಲ್ಲವೋ ಇವಳಿಗೆ ಗೊತ್ತಾಗುವುದು ಹೇಗೆ? ಅದನ್ನು ತೆಗೆದು ಎರಡು ಕೋರಿಕೆ ಹಾಕಿದೆವು. ಮೀಟಿಂಗ್‌ನಲ್ಲಿ ಕ್ವಾಲಿಟಿಗೆ ಎರಡು ನಿಮಿಷ ಮೀಸಲಿಡಬೇಕು. ಹೇಳಿದ್ದು ನಡಾವಳಿಯಲ್ಲಿ ದಾಖಲಾಗಬೇಕು.

ಮಾರನೇ ದಿನ ಆಫೀಸಿನ ಮೇಲ್‌ನಿಂದಲೇ ಕಳಿಸಿದಳು, ಒಂದೂವರೆ ಪುಟ. ಎಚ್‌ಆರ್ ಮೊದಲು ತರಿಸಿಕೊಂಡದ್ದು 11ರ ನಡಾವಳಿ. ಅದರಲ್ಲಿ ಕ್ವಾಲಿಟಿ ಎಂಬುದರ ಎದುರಿಗೆ 'ನಿಲ್', ಅಂದರೆ ಏನೂ ಇಲ್ಲ, ಎಂದು ಬರೆದಿತ್ತು.