ಪ್ರಮಾಣದ ಪ್ರತಿಫಲ: ಕಳೆದು ನೋಡಬೇಡಿ, ಭಾಗಿಸಿ ನೋಡಿ

ಪ್ರಮಾಣದ ಪ್ರತಿಫಲದ ಲೆಕ್ಕದಲ್ಲಿ ಕೇಳುವ ಪ್ರಶ್ನೆ ಒಂದೇ. ಕಾರ್ಮಿಕರು, ಯಂತ್ರಗಳಂಥ ಎಲ್ಲ ಹೂಡುವಳಿಗಳೂ ಇಷ್ಟು ಪಟ್ಟಾದಾಗ ಉತ್ಪನ್ನ ಎಷ್ಟು ಪಟ್ಟಾಯಿತು? ಹೂಡುವಳಿಯ ಪಟ್ಟಿಗಿಂತ ಉತ್ಪನ್ನದ ಪಟ್ಟು ದೊಡ್ಡದಿದ್ದರೆ ಏರುವ ಪ್ರತಿಫಲ, ಸಮವಿದ್ದರೆ ಸ್ಥಿರ, ಚಿಕ್ಕದಿದ್ದರೆ ಇಳಿಯುವ ಪ್ರತಿಫಲ.

ಒಂದು ಘಟಕದ ದಿನದ ಉತ್ಪನ್ನ ಹೀಗಿದೆ ಎನ್ನೋಣ. 2 ಕಾರ್ಮಿಕರು, 1 ಯಂತ್ರ: 100 ನಗ. 4 ಕಾರ್ಮಿಕರು, 2 ಯಂತ್ರ: 230. 6 ಮತ್ತು 3ಕ್ಕೆ 345. 8 ಮತ್ತು 4ಕ್ಕೆ 420.

ಮೊದಲ ಹಂತದಲ್ಲಿ ಹೂಡುವಳಿ 2 ಪಟ್ಟು, ಉತ್ಪನ್ನ 2.3 ಪಟ್ಟು; ಏರುವ ಪ್ರತಿಫಲ. ಎರಡನೆಯ ಹಂತದಲ್ಲೇ ಹೆಚ್ಚಿನವರು ಎಡವುವುದು. ಮೊದಲು 130 ಹೆಚ್ಚಿತ್ತು, ಈಗ 115 ಮಾತ್ರ ಹೆಚ್ಚಿದೆ, ಆದ್ದರಿಂದ ಇಳಿಕೆ ಎಂದು ಬರೆದುಬಿಡುತ್ತಾರೆ. ಭಾಗಿಸಿ ನೋಡಿ: 6 ÷ 4 = 1.5, 345 ÷ 230 = 1.5. ಇದು ಸ್ಥಿರ ಪ್ರತಿಫಲ. ಹೊಸ ಹೆಚ್ಚಳವನ್ನು ಹಿಂದಿನ ಹೆಚ್ಚಳದ ಜೊತೆ ಹೋಲಿಸಿದ್ದೇ ತಪ್ಪಿಗೆ ಮೂಲ. ಹೋಲಿಸಬೇಕಾದದ್ದು ಆವರೆಗಿನ ಸರಾಸರಿಯ ಜೊತೆ. ಇಬ್ಬರು ಕಾರ್ಮಿಕರು ಮತ್ತು ಒಂದು ಯಂತ್ರದ ಜೋಡಣೆಗೆ ಸರಾಸರಿ 115 ನಗ ಬರುತ್ತಿತ್ತು, ಹೊಸದಾಗಿ ಸೇರಿದ ಜೋಡಣೆಯೂ 115 ನಗವನ್ನೇ ತಂದಿತು. ಕೊನೆಯ ಹಂತದಲ್ಲಿ ಹೂಡುವಳಿ ಸುಮಾರು 1.33 ಪಟ್ಟು, ಉತ್ಪನ್ನ ಸುಮಾರು 1.22 ಪಟ್ಟು. ಇಳಿಕೆ ಶುರುವಾಗುವುದು ಇಲ್ಲಿ. ಒಂದೇ ಘಟಕ ಮೂರೂ ಬಗೆಯನ್ನು ತೋರಿಸಬಹುದಾದ್ದರಿಂದ ಉತ್ತರವನ್ನು ಹಂತ ಹೆಸರಿಸಿಯೇ ಬರೆಯಬೇಕು.

ಹೂಡುವಳಿ ಕಡಿಮೆಯಾದಾಗ ಚಿಹ್ನೆ ಗೊಂದಲ ಮಾಡುತ್ತದೆ. ಎಲ್ಲ ಹೂಡುವಳಿ ಶೇ 50 ಇಳಿದು ಉತ್ಪನ್ನ ಶೇ 60 ಇಳಿದರೆ ಅದು ಇಳಿಯುವ ಪ್ರತಿಫಲವಲ್ಲ. ಚಿಕ್ಕ ಪ್ರಮಾಣದಿಂದ ದೊಡ್ಡದರತ್ತ ಓದಿ: ಹೂಡುವಳಿ 2 ಪಟ್ಟು, ಉತ್ಪನ್ನ 40ರಿಂದ 100ಕ್ಕೆ, ಅಂದರೆ 2.5 ಪಟ್ಟು. ಏರುವ ಪ್ರತಿಫಲವೇ.

ಇನ್ನು ಹೂಡುವಳಿಗಳು ಬೇರೆ ಬೇರೆ ದರದಲ್ಲಿ ಬದಲಾದರೆ? ಕಾರ್ಮಿಕರು ಶೇ 20, ಯಂತ್ರ ಶೇ 60 ಹೆಚ್ಚಿವೆ ಎನ್ನಿ. ಎರಡರ ಸರಾಸರಿ ಶೇ 40 ಎಂದು ಹಿಡಿದು ತೀರ್ಮಾನಿಸುವುದು ಸರಿಯಲ್ಲ. ಹೂಡುವಳಿ ಹೆಚ್ಚಿಸಿದರೆ ಉತ್ಪನ್ನ ಕುಗ್ಗುವುದಿಲ್ಲ ಎಂದಿಟ್ಟುಕೊಂಡರೆ ಎರಡು ಸಂದರ್ಭಗಳಲ್ಲಿ ಮಾತ್ರ ಖಚಿತವಾಗಿ ಹೇಳಬಹುದು. ಉತ್ಪನ್ನ ಶೇ 70 ಹೆಚ್ಚಿದ್ದರೆ, ಎರಡನ್ನೂ ಶೇ 60 ಹೆಚ್ಚಿಸಿದಾಗ ಕನಿಷ್ಠ ಅಷ್ಟಾದರೂ ಬರುತ್ತಿತ್ತು, ಆದ್ದರಿಂದ ಏರಿಕೆ. ಉತ್ಪನ್ನ ಶೇ 15 ಮಾತ್ರ ಹೆಚ್ಚಿದ್ದರೆ, ಎರಡನ್ನೂ ಶೇ 20 ಹೆಚ್ಚಿಸಿದಾಗಲೂ ಅದಕ್ಕಿಂತ ಹೆಚ್ಚು ಬರುತ್ತಿರಲಿಲ್ಲ; ಆದ್ದರಿಂದ ಇಳಿಕೆ. ಶೇ 20 ಮತ್ತು 60ರ ನಡುವಿನ ಯಾವ ಅಂಕಿಯಾದರೂ, ಆ ದತ್ತಾಂಶದಿಂದ ನಿರ್ಧರಿಸಲಾಗದು ಎನ್ನುವುದೇ ಸರಿಯಾದ ಉತ್ತರ.